ಬೇಸಿಗೆಯ ಫೋಟೋಗೆ ಸ್ವೆಟರ್, ಜಾಕೆಟ್, ಸ್ಕಾರ್ಫ್ ತೊಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಅರ್ಧ ತೋಳಿನ ಟಿ-ಶರ್ಟಿನಲ್ಲಿ ತೆಗೆದ ಫೋಟೋಗೆ ಚಳಿಗಾಲದ ಬಟ್ಟೆ ಸೇರಿಸುವಾಗ ಹೆಚ್ಚಿನವರು ಒಳ್ಳೆಯ ಜಾಕೆಟ್ ಚಿತ್ರ ಹುಡುಕುವುದಕ್ಕೇ ಸಮಯ ಕಳೆಯುತ್ತಾರೆ. ಕೆಲಸ ಕೆಡುವುದು ಸಾಮಾನ್ಯವಾಗಿ ಅಲ್ಲಲ್ಲ. ಒಂದು ಬಟ್ಟೆ ಇನ್ನೊಂದರ ಮೇಲೆ ಕೂರುವ ಅಂಚಿನಲ್ಲಿ, ಬಟ್ಟೆ ಮೈಗೆ ಕೊಡುವ ದಪ್ಪದಲ್ಲಿ ಕೆಡುತ್ತದೆ. ಹಾಗಾಗಿ ಇಲ್ಲಿನ ಉತ್ತರಗಳು ಆ ಎರಡು ವಿಷಯದ ಸುತ್ತಲೇ ಇವೆ.

ಉದ್ದಕ್ಕೂ ಒಂದೇ ಫೋಟೋವನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಬಿಳಿ ಟಿ-ಶರ್ಟ್ ತೊಟ್ಟ ಯುವತಿ ಕಟ್ಟಡವೊಂದರ ನೆರಳಿನಲ್ಲಿ ನಿಂತಿದ್ದಾಳೆ. ಬೆಳಕು ಚಿತ್ರದ ಎಡಗಡೆಯ ತೆರೆದ ಆಕಾಶದಿಂದ ಬರುತ್ತಿದೆ. ಕೂದಲು ಬಿಟ್ಟಿದ್ದಾಳೆ, ಒಂದು ಕೈ ಕೆಳಗೆ ಇಳಿಬಿದ್ದಿದೆ, ಇನ್ನೊಂದನ್ನು ಸೊಂಟದ ಮೇಲೆ ಇಟ್ಟಿದ್ದಾಳೆ. ಫೋಟೋದ ಅಳತೆ 3000 × 4000 ಪಿಕ್ಸೆಲ್. ಹಂತಗಳನ್ನು ಫೋಟೋಶಾಪ್ ಲೆಕ್ಕದಲ್ಲಿ ಹೇಳಿದ್ದೇನೆ. ಲೇಯರ್, ಮಾಸ್ಕ್, ಕೆಳಗಿನ ಲೇಯರನ್ನು ಗಾಢವಾಗಿಸುವ Multiply ಬ್ಲೆಂಡ್ ಮೋಡ್ ಇರುವ ಯಾವ ಸಾಫ್ಟ್‌ವೇರಿನಲ್ಲಾದರೂ, ಉಚಿತವಾಗಿ ಸಿಗುವ ಗಿಂಪ್‌ನಲ್ಲೂ, ಇದೇ ದಾರಿ ನಡೆಯುತ್ತದೆ, ಕೆಲವು ಸಾಧನಗಳು ಮಾತ್ರ ಬೇರೆಯಾಗಿರುತ್ತವೆ.

ಯಾವ ಫೋಟೋ ಆರಿಸಿಕೊಳ್ಳಬೇಕು? ಬಿಸಿಲಲ್ಲಿ ತೆಗೆದದ್ದು ಆಗುವುದಿಲ್ಲವೇ?

ಆಗುತ್ತದೆ, ಆದರೆ ನಡುಮಧ್ಯಾಹ್ನದ ನೇರ ಬಿಸಿಲಿನದು ಬೇಡ. ಸೂರ್ಯ ನೆತ್ತಿಯ ಮೇಲಿದ್ದಾಗ ಹುಬ್ಬಿನ ಕೆಳಗೆ, ಮೂಗಿನ ಕೆಳಗೆ, ಗದ್ದದ ಕೆಳಗೆ ಗಟ್ಟಿ ಅಂಚಿನ ಕಪ್ಪು ನೆರಳು ಬೀಳುತ್ತದೆ. ಆ ನೆರಳನ್ನು ಮುಖದಿಂದ ಪೂರ್ತಿ ತೆಗೆಯಲು ಬರುವುದಿಲ್ಲ. ನೀವು ತೊಡಿಸುವ ಬಟ್ಟೆಯ ಪ್ರತಿ ಮಡಿಕೆಗೂ ಅಷ್ಟೇ ಗಟ್ಟಿಯಾದ, ಅದೇ ದಿಕ್ಕಿನ ನೆರಳು ಬೇಕಾಗುತ್ತದೆ. ಮರದ ಎಲೆಗಳ ಸಂದಿಯಿಂದ ಬಿದ್ದ ಚುಕ್ಕೆ ಬಿಸಿಲು ಇನ್ನೂ ಕಷ್ಟ. ಟಿ-ಶರ್ಟಿನ ಮೇಲಿದ್ದ ಬೆಳಕಿನ ಚುಕ್ಕೆಗಳು ಜಾಕೆಟ್ಟಿನ ಮೇಲೂ ಅದೇ ಜಾಗದಲ್ಲಿ ಕಾಣಬೇಕು, ಜೊತೆಗೆ ಜಾಕೆಟ್ಟಿನ ಉಬ್ಬುತಗ್ಗಿಗೆ ತಕ್ಕಂತೆ ಬಾಗಬೇಕು.

ನಮ್ಮ ಉದಾಹರಣೆಯಂಥ ಫೋಟೋ, ಅಂದರೆ ಕಟ್ಟಡದ ನೆರಳಲ್ಲೋ ಮೋಡ ಮುಸುಕಿದ ದಿನವೋ ತೆಗೆದದ್ದು, ಬಹಳ ಸಲೀಸು. ಅಲ್ಲಿ ನೆರಳುಗಳ ಅಂಚು ಮೆದು, ಬೇಸಿಗೆಯ ಗುರುತೂ ಕಡಿಮೆ.

ಬೆಳಕಿನ ಜೊತೆ ಕತ್ತು ಮತ್ತು ತೋಳುಗಳನ್ನೂ ನೋಡಿ. ತೋಳು ಮೈಗೆ ಅಂಟಿಕೊಂಡಿದ್ದರೆ ದಪ್ಪ ಜಾಕೆಟ್ಟಿಗೆ ಜಾಗ ಇರುವುದಿಲ್ಲ. ಕೈಕಟ್ಟಿ ನಿಂತ ಭಂಗಿಯನ್ನು ಬಿಟ್ಟುಬಿಡಿ ಎಂದೇ ಹೇಳುತ್ತೇನೆ. ಬಟ್ಟೆ ಅಲ್ಲಿ ಎಷ್ಟೋ ಕಡೆ ಒತ್ತಿ, ಮಡಚಿ, ಒಂದರೊಳಗೊಂದು ಸೇರಿಕೊಂಡಿರುತ್ತದೆ. ಅದನ್ನು ಹೊರಗಿನಿಂದ ತಂದು ಕೂರಿಸುವುದಕ್ಕೆ ಪಡುವ ಶ್ರಮಕ್ಕೆ ತಕ್ಕ ಫಲ ಸಿಗುವುದಿಲ್ಲ.

ಬಟ್ಟೆಯ ಚಿತ್ರ ಎಲ್ಲಿಂದ ತರಬೇಕು?

ನೀವೇ ತೆಗೆಯುವುದು ಎಲ್ಲಕ್ಕಿಂತ ಒಳ್ಳೆಯದು. ಹಾಸಿಗೆಯ ಮೇಲೆ ಹರಡಿದ ಅಥವಾ ಹ್ಯಾಂಗರಿಗೆ ತೂಗಿದ ಬಟ್ಟೆಯ ಚಿತ್ರದಿಂದ ಈ ಕೆಲಸ ಆಗುವುದಿಲ್ಲ, ಏಕೆಂದರೆ ಅದರೊಳಗೆ ಮೈ ಇರುವುದಿಲ್ಲ. ಹೆಗಲಿನಿಂದ ಬಟ್ಟೆ ಇಳಿಬೀಳುವ ರೀತಿ, ಕಂಕುಳಲ್ಲಿ ಸೇರುವ ಸುಕ್ಕು, ಮೊಣಕೈಯ ಒಳಮಗ್ಗುಲಿನ ಮಡಿಕೆಗಳನ್ನು ಎಷ್ಟು ತಿರುಚಿ ಎಳೆದರೂ ಚಪ್ಪಟೆ ಬಟ್ಟೆಯಿಂದ ಹೊರಡಿಸಲಾಗದು.

ಹೆಚ್ಚುಕಡಿಮೆ ಅದೇ ಮೈಕಟ್ಟಿನ ಒಬ್ಬರಿಗೆ ಬಟ್ಟೆ ತೊಡಿಸಿ, ಮೂಲ ಫೋಟೋದ ಭಂಗಿಯಲ್ಲೇ ನಿಲ್ಲಿಸಿ. ಆಮೇಲೆ ಕ್ಯಾಮೆರಾದ ಎತ್ತರ, ದೂರ ಮತ್ತು ಬೆಳಕಿನ ದಿಕ್ಕನ್ನು ಹೊಂದಿಸಿ. ಎತ್ತರ ಕಣ್ಣಿನ ಮಟ್ಟದ್ದೋ ಎದೆಯ ಮಟ್ಟದ್ದೋ ಎಂಬುದು ಮೂಲ ಫೋಟೋ ನೋಡಿದರೆ ತಿಳಿಯುತ್ತದೆ. ದೂರ ಮುಖ್ಯ, ಏಕೆಂದರೆ ಹತ್ತಿರದಿಂದ ತೆಗೆದರೆ ಎದೆ ಉಬ್ಬಿ ಹೆಗಲು ಹಿಂದಕ್ಕೆ ಸರಿದಂತೆ ಕಾಣುತ್ತದೆ. ದೂರದಿಂದ ತೆಗೆದ ಮುಖಕ್ಕೆ ಆ ಮೈ ಸೇರುವುದಿಲ್ಲ. ನಮ್ಮ ಉದಾಹರಣೆಯಲ್ಲಿ ಬೆಳಕು ಎಡಗಡೆಯಿಂದ ಬರುತ್ತಿರುವುದರಿಂದ, ಬಟ್ಟೆ ತೊಟ್ಟವರ ಅದೇ ಪಕ್ಕ ದೊಡ್ಡ ಕಿಟಕಿ ಇದ್ದರೂ ಸಾಕು.

ಇದೇ ಹೊತ್ತಿಗೆ ಒಂದು ಬಿಳಿ ಕಾಗದವನ್ನು ಎದೆಯ ಹತ್ತಿರ ಹಿಡಿಸಿ ಇನ್ನೊಂದು ಫೋಟೋ ತೆಗೆದಿಟ್ಟುಕೊಳ್ಳಿ. ಬಣ್ಣ ಹೊಂದಿಸುವಾಗ ಅದು ಬಹಳ ಉಪಕಾರಕ್ಕೆ ಬರುತ್ತದೆ. ಎರಡೂ ಫೋಟೋಗಳಿಗೆ ಎಕ್ಸ್‌ಪೋಷರ್ ಮತ್ತು ವೈಟ್ ಬ್ಯಾಲೆನ್ಸ್ ಒಂದೇ ಇರಬೇಕು, ಆಟೋದಲ್ಲಿ ಬಿಡಬೇಡಿ.

ಮೂರನ್ನೂ ಒಟ್ಟಿಗೆ ತೊಡಿಸಿ ಒಂದೇ ಫೋಟೋ ತೆಗೆದು ಅಂಟಿಸಿದರೆ ಆಗದೇ?

ಭಂಗಿ ಪೂರ್ತಿ ಒಂದೇ ಆಗಿದ್ದರೆ ಖಂಡಿತ ಆಗುತ್ತದೆ, ಬಟ್ಟೆಗಳ ನಡುವಿನ ನೆರಳೂ ಪುಕ್ಕಟೆಯಾಗಿ ಬರುತ್ತದೆ. ಆದರೆ ಭಂಗಿ ಅಷ್ಟು ನಿಖರವಾಗಿ ಕೂಡಿಬರುವುದು ಅಪರೂಪ. ಹೆಗಲು ಸರಿಹೋದರೆ ಸ್ಕಾರ್ಫ್ ಗದ್ದಕ್ಕೆ ತಾಗುತ್ತದೆ, ಸ್ಕಾರ್ಫ್ ಸರಿಮಾಡಿದರೆ ಜಿಪ್ಪು ಓರೆಯಾಗುತ್ತದೆ. ಆದ್ದರಿಂದ ಬಿಡಿ ಬಿಡಿಯಾಗಿ ತೆಗೆದುಕೊಳ್ಳಿ.

ಆದರೆ ಬಿಡಿ ಬಿಡಿಯಾಗಿ ಎಂದರೆ ಜಾಕೆಟ್ಟನ್ನು ಟಿ-ಶರ್ಟಿನ ಮೇಲೆ ತೊಟ್ಟು ತೆಗೆಯುವುದಲ್ಲ. ಮೊದಲು ಸ್ವೆಟರ್ ಒಂದನ್ನೇ ತೆಗೆಯಿರಿ, ಆಮೇಲೆ ಸ್ವೆಟರಿನ ಮೇಲೆ ಜಾಕೆಟ್, ಕೊನೆಗೆ ಆ ಎರಡರ ಮೇಲೆ ಸ್ಕಾರ್ಫ್. ಒಳಗೆ ಸ್ವೆಟರ್ ಇದ್ದಾಗ ಜಾಕೆಟ್ಟಿನ ತೋಳು ತುಂಬಿಕೊಳ್ಳುತ್ತದೆ, ಸುಕ್ಕು ಕಡಿಮೆಯಾಗುತ್ತದೆ, ಜಿಪ್ ಹಾಕದಿದ್ದರೆ ಮುಂಭಾಗ ಹೆಚ್ಚು ಅಗಲಕ್ಕೆ ತೆರೆದುಕೊಳ್ಳುತ್ತದೆ. ಬರಿ ಟಿ-ಶರ್ಟಿನ ಮೇಲಿನ ಜಾಕೆಟ್ ಜೋತುಬಿದ್ದಿರುತ್ತದೆ. ಅದನ್ನು ತಂದು ಸ್ವೆಟರಿನ ಮೇಲೆ ಕೂರಿಸಿದರೆ, ಏನು ತಪ್ಪಿದೆ ಎಂದು ಹೇಳಲು ಬಾರದವರಿಗೂ ಎಲ್ಲೋ ಸರಿಯಿಲ್ಲ ಎಂದು ಅನಿಸುತ್ತದೆ.

ಬಟ್ಟೆ ಎಷ್ಟು ದಪ್ಪ ಕಾಣಬೇಕು? ಕಣ್ಣಂದಾಜು ಸಾಕೇ?

ಅಂದಾಜಿನಲ್ಲಿ ಮಾಡಿದಾಗ ಹೆಚ್ಚಿನವರು ದಪ್ಪ ಕಡಿಮೆ ಇಡುತ್ತಾರೆ. ಮೂಲ ಮೈಯ ಗೆರೆಯ ಮೇಲೆಯೇ ಜಾಕೆಟ್ಟಿನ ಅಂಚು ಕೂರಿಸುವುದರಿಂದ ಜಾಕೆಟ್ಟನ್ನು ಮೈಗೆ ಬಣ್ಣ ಬಳಿದಂತೆ ಕಾಣುತ್ತದೆ. ಅಳತೆ ಮಾಡುವುದು ಕಷ್ಟವೇನಲ್ಲ.

ಚಿತ್ರದಲ್ಲಿ ಹೆಗಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ರೂಲರ್ ಹಿಡಿಯಿರಿ. ಉದಾಹರಣೆಯಲ್ಲಿ 820 ಪಿಕ್ಸೆಲ್ ಇದೆ. ಆಕೆಯ ಹೆಗಲಿನ ಅಗಲ 41 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಒಂದು ಸೆಂಟಿಮೀಟರಿಗೆ 20 ಪಿಕ್ಸೆಲ್. ಇನ್ನು ಮುಂದೆ ಎಲ್ಲದಕ್ಕೂ ಇದೇ ಅಳತೆಗೋಲು. ಸ್ವೆಟರ್ ಅರ್ಧ ಸೆಂಟಿಮೀಟರ್ ದಪ್ಪ ಇದ್ದರೆ ಪ್ರತಿ ಪಕ್ಕಕ್ಕೆ 10 ಪಿಕ್ಸೆಲ್. ಒಳಗೆ ಹತ್ತಿಯಂಥ ತುಂಬು ಇರುವ ಜಾಕೆಟ್ ಒಂದೂವರೆ ಸೆಂಟಿಮೀಟರ್ ಇದ್ದರೆ 30 ಪಿಕ್ಸೆಲ್. ಎರಡೂ ಸೇರಿ ಮೈಯ ಗೆರೆಯಿಂದ 40 ಪಿಕ್ಸೆಲ್ ಹೊರಗೆ ಬರಬೇಕು. 180 ಪಿಕ್ಸೆಲ್ ಅಗಲದ ಮೇಲ್ದೋಳು 260 ಆಗುತ್ತದೆ. ನೋಡಲು ಭಯವಾದರೂ ಅಷ್ಟೇ ಇರಲಿ, ನಿಜವಾದ ಜಾಕೆಟ್ ಅಷ್ಟು ದಪ್ಪ ಕೊಟ್ಟೇ ಕೊಡುತ್ತದೆ.

ಹೆಗಲಿನ ಮೇಲ್ಭಾಗ ಮಾತ್ರ ಬೇರೆ. ಬಟ್ಟೆಯ ಭಾರವೆಲ್ಲ ಅಲ್ಲಿ ಬೀಳುವುದರಿಂದ ತುಂಬು ಒತ್ತಿಹೋಗಿ ತೆಳ್ಳಗಾಗುತ್ತದೆ. ಅಲ್ಲಿ 20 ರಿಂದ 25 ಪಿಕ್ಸೆಲ್ ಎತ್ತರ ಸಾಕು. ಹೆಗಲನ್ನೂ 40 ಎತ್ತಿಬಿಟ್ಟರೆ ಕತ್ತು ಕುಗ್ಗಿಸಿಕೊಂಡು ನಿಂತಂತೆ ಕಾಣುತ್ತದೆ.

ಸೊಂಟದ ಮೇಲೆ ಕೈ ಇಟ್ಟಿರುವ ಕಡೆ ತೋಳು ಮತ್ತು ಮೈಯ ನಡುವೆ ಖಾಲಿ ಜಾಗ ಕಾಣುತ್ತದೆ. ಅದನ್ನು ಹಾಗೇ ಬಿಡಬಹುದೇ?

ಹಾಗೇ ಬಿಟ್ಟರೆ ಸಿಕ್ಕಿಬೀಳುವ ಜಾಗವೇ ಅದು. ಆ ತ್ರಿಕೋನ ಎರಡು ಕಡೆಯಿಂದ ಕಿರಿದಾಗುತ್ತದೆ. ತೋಳಿನ ಕಡೆಯಿಂದ 40, ಮೈಯ ಕಡೆಯಿಂದ 40, ಒಟ್ಟು 80 ಪಿಕ್ಸೆಲ್. ಮೂಲದಲ್ಲಿ ಅತಿ ಅಗಲದ ಕಡೆ 150 ಇದ್ದರೆ ಈಗ 70 ಉಳಿಯಬೇಕು, ಮೇಲಿನ ಮೊನೆ ಕಂಕುಳಿಂದ ಕೆಳಗೆ ಇಳಿಯಬೇಕು. ಮೂಲದಲ್ಲೇ 80 ಕ್ಕಿಂತ ಕಡಿಮೆ ಇದ್ದರೆ ಜಾಗ ಮುಚ್ಚಿಹೋಗಲಿ. ಬಟ್ಟೆಗೆ ಬಟ್ಟೆ ತಾಗುವ ಕಡೆ ಕಪ್ಪು ಗೆರೆ, ಅದರ ಪಕ್ಕದಲ್ಲಿ ಒತ್ತಿದ ಒಂದೆರಡು ಸುಕ್ಕು ಸಾಕು.

ಉಳಿದ ಖಾಲಿ ಜಾಗದೊಳಗೆ ಟಿ-ಶರ್ಟಿನ ಅಂಚೋ ಬರಿ ತೋಳಿನ ಚರ್ಮವೋ ಇಣುಕುತ್ತಿದೆಯೇ ಎಂದು 200 ಶೇಕಡಾ ಜೂಮ್ ಮಾಡಿ ನೋಡಿ. ಟಿ-ಶರ್ಟಿನ ಅರ್ಧ ತೋಳು ಅಗಲವಾಗಿ ಹರಡಿಕೊಂಡಿದ್ದರೆ ಅದು ಜಾಕೆಟ್ಟಿನ ಆಚೆಗೂ ಚಾಚಬಹುದು. ಅಂಥ ಕಡೆ ಮೊದಲೇ ಹಿನ್ನೆಲೆಯನ್ನು ಕ್ಲೋನ್ ಮಾಡಿ ತುಂಬಿಕೊಳ್ಳಿ.

ಲೇಯರ್‌ಗಳ ಕ್ರಮ ಹೇಗಿರಬೇಕು?

ಬಟ್ಟೆ ತೊಡುವ ಕ್ರಮವೇ ಲೇಯರ್‌ಗಳ ಕ್ರಮ ಎಂದು ಹೊರಟರೆ ಕತ್ತಿನ ಹತ್ತಿರ ಸಿಕ್ಕಿಹಾಕಿಕೊಳ್ಳುತ್ತೀರಿ. ಜಾಕೆಟ್ಟಿನ ಕಾಲರ್ ಕತ್ತಿನ ಹಿಂದೆಯೂ ಇದೆ, ಮುಂದೆಯೂ ಇದೆ. ಸ್ಕಾರ್ಫೂ ಹಾಗೆಯೇ. ಆದ್ದರಿಂದ ಈ ಎರಡನ್ನೂ ಹಿಂಭಾಗ, ಮುಂಭಾಗ ಎಂದು ಎರಡು ತುಂಡು ಮಾಡಿ, ನಡುವೆ ತಲೆ ಮತ್ತು ಕತ್ತಿನ ಪ್ರತಿಯನ್ನು ಇಡಬೇಕು. ಕೆಳಗಿನಿಂದ ಮೇಲಕ್ಕೆ ಹೀಗೆ:

1. ಮೂಲ ಫೋಟೋ
2. ಜಾಕೆಟ್ ಕಾಲರಿನ ಹಿಂಭಾಗ, ಒಳಪದರ ಕಾಣುವ ತುಂಡು
3. ಸ್ಕಾರ್ಫಿನ ಹಿಂಭಾಗ
4. ಮೂಲದಿಂದ ಕತ್ತರಿಸಿದ ತಲೆ, ಕತ್ತು, ಕೂದಲು
5. ಸ್ವೆಟರ್
6. ಜಾಕೆಟ್ಟಿನ ಮುಂಭಾಗ ಮತ್ತು ತೋಳುಗಳು
7. ಸ್ಕಾರ್ಫಿನ ಮುಂಭಾಗ ಮತ್ತು ಇಳಿಬಿದ್ದ ತುದಿಗಳು
8. ಮೂಲದಿಂದ ಕತ್ತರಿಸಿದ ಕೈಬೆರಳುಗಳು, ಸ್ಕಾರ್ಫಿನ ಮೇಲೆ ಬರುವ ಕೂದಲು

ಎಲ್ಲವನ್ನೂ ಮಾಸ್ಕ್ ಹಾಕಿಯೇ ಮರೆಮಾಡಿ, ಅಳಿಸಬೇಡಿ. ಮೂಲ ಟಿ-ಶರ್ಟನ್ನಂತೂ ಹಾಗೇ ಉಳಿಸಿ. ವಿ ಆಕಾರದ ಕುತ್ತಿಗೆಯ ಸ್ವೆಟರ್ ಆದರೆ ಅದರ ಮೇಲೆ ಬೆರಳಗಲ ಕಾಣುವ ಟಿ-ಶರ್ಟಿನ ಬಿಳಿ ಅಂಚು ನಿಜವಾದ ಬೆಳಕಿನಲ್ಲಿ ನಿಜವಾದ ಕತ್ತಿಗೆ ಅಂಟಿಕೊಂಡಿರುವಂಥದ್ದು. ಅದು ಕಂಡಷ್ಟೂ ಮೇಲಿನ ಪದರಗಳಿಗೆ ಬಲ ಬರುತ್ತದೆ.

ಭಂಗಿ ಹೊಂದಿಸುವಾಗ ಎಷ್ಟು ಸಲ ತಿದ್ದಿದರೂ ಮೂಲ ಕೆಡದಂತೆ ಬಟ್ಟೆಯನ್ನು ಮೊದಲು Smart Object ಮಾಡಿಕೊಂಡು, ಒಟ್ಟು ಆಕಾರಕ್ಕೆ Warp, ತೋಳು ಬಾಗಿಸಲು Puppet Warp ಬಳಸಿ. ಹೆಣಿಗೆಯ ಸ್ವೆಟರಿನಲ್ಲಿ ಜಾಗ್ರತೆ ಬೇಕು. ಕಣ್ಣು ಹೆಣಿಗೆಯ ಸಾಲುಗಳನ್ನು ಹಿಂಬಾಲಿಸುತ್ತದೆ, ಒಂದು ಕಡೆ ಹಿಗ್ಗಿಸಿದರೆ ಅಲ್ಲಿ ಹೊಲಿಗೆಗಳು ಊದಿಕೊಂಡದ್ದು ಕೂಡಲೇ ಕಾಣುತ್ತದೆ. ಜಾಕೆಟ್ಟಿನ ಅಡಿಯಲ್ಲಿ ಹೇಗೂ ಎದೆಯ ನಡುವಿನ ಒಂದು ಪಟ್ಟಿ ಮಾತ್ರ ಕಾಣುವುದರಿಂದ ಸ್ವೆಟರಿನ ಅಷ್ಟು ಭಾಗವನ್ನು ಮಾತ್ರ ಸರಿಮಾಡಿದರೆ ಸಾಕು.

ಎಲ್ಲ ಸರಿಯಾಗಿ ಕೂರಿಸಿದರೂ ಬಟ್ಟೆಗಳು ಕಾಗದ ಅಂಟಿಸಿದಂತೆ ಕಾಣುತ್ತವೆ. ಏಕೆ?

ಅವು ಒಂದರ ಮೇಲೊಂದು ನೆರಳು ಬೀಳಿಸುತ್ತಿಲ್ಲ. ಇಡೀ ಕೆಲಸದಲ್ಲಿ ಅತಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿಯೇ.

ನೆರಳು ಬೀಳುವ ಸಂಧಿಗಳು ನಾಲ್ಕು. ಗದ್ದದಿಂದ ಸ್ಕಾರ್ಫಿನ ಮೇಲೆ, ಸ್ಕಾರ್ಫಿನಿಂದ ಜಾಕೆಟ್ ಮತ್ತು ಸ್ವೆಟರಿನ ಮೇಲೆ, ಜಾಕೆಟ್ಟಿನ ಮುಂಭಾಗದ ಅಂಚಿನಿಂದ ಸ್ವೆಟರಿನ ಮೇಲೆ, ತೋಳಿನ ತುದಿಯಿಂದ ಮಣಿಕಟ್ಟಿನ ಮೇಲೆ. ಪ್ರತಿ ಸಂಧಿಯಲ್ಲೂ ಎರಡು ನೆರಳು ಬೇಕು. ಒಂದು, ಬಟ್ಟೆಗೆ ಬಟ್ಟೆ ತಾಗುವ ಕಡೆ ಇರುವ ಕಿರಿದಾದ ಗಾಢ ಗೆರೆ. ಇನ್ನೊಂದು, ಮೇಲಿನ ಬಟ್ಟೆ ಬೆಳಕನ್ನು ಮರೆಮಾಡುವುದರಿಂದ ಅದರಾಚೆ ಹರಡುವ ಅಗಲವಾದ ತೆಳು ನೆರಳು. ಲೇಯರ್ ಎಫೆಕ್ಟಿನ Drop Shadow ಎಲ್ಲ ಕಡೆಗೂ ಒಂದೇ ಅಗಲದ ನೆರಳು ಕೊಡುವುದರಿಂದ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಕೈಯಿಂದಲೇ ಬ್ರಷ್ ಮಾಡಬೇಕು.

ಜಾಕೆಟ್ ಮತ್ತು ಸ್ವೆಟರಿನ ಸಂಧಿಯನ್ನು ತೆಗೆದುಕೊಳ್ಳಿ. ಸ್ವೆಟರಿನ ಮೇಲೆ ಹೊಸ ಲೇಯರ್ ಮಾಡಿ, ನೆರಳು ಸ್ವೆಟರಿನ ಆಚೆಗೆ ಚೆಲ್ಲದಂತೆ ಅದನ್ನು ಸ್ವೆಟರಿಗೆ ಕ್ಲಿಪ್ ಮಾಡಿ, ಬ್ಲೆಂಡ್ ಮೋಡ್ Multiply ಇಡಿ. ಬಣ್ಣವನ್ನು ಸ್ವೆಟರಿನ ಅತಿ ಗಾಢ ಮಡಿಕೆಯಿಂದ ಆರಿಸಿಕೊಳ್ಳಿ. ಶುದ್ಧ ಕಪ್ಪು ಬಳಸಿದರೆ ಮಸಿ ಮೆತ್ತಿದಂತಾಗುತ್ತದೆ. ಮೊದಲು 6 ಪಿಕ್ಸೆಲ್ಲಿನ ಮೆದು ಬ್ರಷ್ಷಿನಿಂದ ಜಾಕೆಟ್ಟಿನ ಅಂಚಿನ ಉದ್ದಕ್ಕೂ ಎಳೆದು ಲೇಯರಿನ ಒಪ್ಯಾಸಿಟಿ 60 ಶೇಕಡಾಕ್ಕೆ ಇಳಿಸಿ. ಆಮೇಲೆ ಇನ್ನೊಂದು ಲೇಯರಿನಲ್ಲಿ 40 ಪಿಕ್ಸೆಲ್ಲಿನ ಬ್ರಷ್ಷಿನಿಂದ ಅಗಲವಾದ ನೆರಳು ಹಾಕಿ 25 ಶೇಕಡಾದ ಆಸುಪಾಸಿಗೆ ತನ್ನಿ. ಈ ಸಂಖ್ಯೆಗಳು ನಮ್ಮ ಫೋಟೋದ್ದು. ನಿಮ್ಮದರಲ್ಲಿ ಸೆಂಟಿಮೀಟರಿನ ಲೆಕ್ಕದಿಂದ ಬದಲಿಸಿಕೊಳ್ಳಿ.

ಈಗ ದಿಕ್ಕು. ಬೆಳಕು ಎಡಗಡೆಯಿಂದ ಬರುತ್ತಿದೆ. ಜಾಕೆಟ್ಟಿನ ಎಡ ಅಂಚು ಬೆಳಕನ್ನು ತಡೆದು ಸ್ವೆಟರಿನ ಮೇಲೆ ಬಲಕ್ಕೆ ನೆರಳು ಚೆಲ್ಲುತ್ತದೆ, ಆದ್ದರಿಂದ ಅಗಲವಾದ ನೆರಳು ಅಲ್ಲಿರಬೇಕು. ಬಲ ಅಂಚು ಬೆಳಕಿಗೆ ಮುಖ ಮಾಡಿದೆ. ಅಲ್ಲಿ ಕಿರಿದಾದ ಗೆರೆಯಷ್ಟೇ ಇರಲಿ, ಜೊತೆಗೆ ಆ ಅಂಚು ಒಂದಿಷ್ಟು ಮಿನುಗಲಿ. ಎರಡೂ ಪಕ್ಕಕ್ಕೆ ಸಮನಾದ ನೆರಳು ಹಾಕುವುದು ಈ ಕೆಲಸದಲ್ಲಿ ಅತಿ ಸಾಮಾನ್ಯ ತಪ್ಪು.

ಅಂಚಿನ ಉದ್ದಕ್ಕೂ ನೆರಳಿನ ಅಗಲವೂ ಬದಲಾಗುತ್ತದೆ. ಎದೆಯ ಮೇಲೆ ಜಾಕೆಟ್ ಒತ್ತಿಕೊಂಡಿರುವ ಕಡೆ ಕಿರಿದಾಗಿ, ಕೆಳಗೆ ಸಡಿಲವಾಗಿ ದೂರ ನಿಂತಿರುವ ಕಡೆ ಅಗಲವಾಗಿ, ಮಸುಕಾಗಿ ಇರುತ್ತದೆ. ಬಟ್ಟೆ ಎಲ್ಲಿ ತಾಗಿದೆ, ಎಲ್ಲಿ ತಾಗಿಲ್ಲ ಎಂಬುದನ್ನು ನೋಡುವವರು ಇದರಿಂದಲೇ ತಿಳಿಯುತ್ತಾರೆ.

ತೋಳಿನ ತುದಿಯಲ್ಲಿ ಸ್ವೆಟರ್ ಕಾಣಬೇಕೇ?

ಕಂಡರೆ ಒಳ್ಳೆಯದು. ಜಾಕೆಟ್ ತೋಳಿನಿಂದ ಒಂದು ಸೆಂಟಿಮೀಟರಿನಷ್ಟು, ಅಂದರೆ 20 ಪಿಕ್ಸೆಲ್, ಸ್ವೆಟರಿನ ಪಟ್ಟಿ ಹೊರಗೆ ಬಂದಿದ್ದರೆ ಒಳಗೆ ನಿಜಕ್ಕೂ ಇನ್ನೊಂದು ಬಟ್ಟೆ ಇದೆ ಎಂದು ನಂಬಿಕೆ ಬರುತ್ತದೆ. ಎರಡೂ ಕೈಗಳಲ್ಲಿ ಸಮನಾಗಿ ಬೇಡ. ಬಾಗಿದ ತೋಳಿನಲ್ಲಿ ಜಾಕೆಟ್ ಮೇಲಕ್ಕೆ ಸರಿಯುವುದರಿಂದ ಸೊಂಟದ ಮೇಲಿನ ಕೈಯಲ್ಲಿ ಪಟ್ಟಿ ಹೆಚ್ಚು ಕಾಣಬೇಕು. ಮಣಿಕಟ್ಟಿನ ಚರ್ಮದ ಮೇಲೆ ಕಿರಿದಾದ ನೆರಳು ಹಾಕುವುದನ್ನು ಮರೆಯಬೇಡಿ, ಚರ್ಮದ ನೆರಳಿಗೆ ಕಂದುಗೆಂಪು ಬಣ್ಣ ಬೇಕು.

ಸ್ಕಾರ್ಫ್ ಹಾಕಿದ ಮೇಲೆ ಬಿಟ್ಟ ಕೂದಲನ್ನು ಏನು ಮಾಡುವುದು?

ಮೊದಲು ತೀರ್ಮಾನ ಮಾಡಿಕೊಳ್ಳಿ, ಕೂದಲು ಸ್ಕಾರ್ಫಿನ ಒಳಗಿದೆಯೋ ಮೇಲಿದೆಯೋ. ಕೆಲವು ಎಳೆ ಒಳಗೆ, ಕೆಲವು ಹೊರಗೆ ಎಂದು ಅರ್ಧಂಬರ್ಧ ಬಿಟ್ಟರೆ ಸ್ಕಾರ್ಫ್ ಕೂದಲನ್ನು ಕತ್ತರಿಸಿದಂತೆ ಕಾಣುತ್ತದೆ.

ಒಳಗಿದೆ ಎಂದರೆ, ಸ್ಕಾರ್ಫಿನ ಮೇಲಂಚಿನಲ್ಲಿ ಕೂದಲು ಒತ್ತಿ ಹೊರಕ್ಕೆ ಉಬ್ಬಬೇಕು. ಕೂದಲಿನ ಲೇಯರನ್ನು Liquify ನಲ್ಲಿ ತೆರೆದು ಕೆನ್ನೆಯ ಕೆಳಗೆ ಒಂದು ಸೆಂಟಿಮೀಟರಿನಷ್ಟು ಹೊರಗೆ ತಳ್ಳಿದರೆ ಆ ಉಬ್ಬು ಬರುತ್ತದೆ. ಆಮೇಲೆ ಹೆಗಲ ಮೇಲೆ ಹರಡಿದ್ದ ಮೂಲ ಕೂದಲು ಪೂರ್ತಿ ಬಟ್ಟೆಯಡಿ ಮರೆಯಾಗಿದೆಯೇ ನೋಡಿ. ಮರೆಯಾಗದೆ ಹೊರಗೆ ಉಳಿದದ್ದನ್ನು ಹಿನ್ನೆಲೆಯಿಂದ ತುಂಬಿ.

ಮೇಲಿದೆ ಎಂದರೆ, ಸ್ಕಾರ್ಫಿನ ಬಣ್ಣ ನೋಡಿ ದಾರಿ ಆರಿಸಿಕೊಳ್ಳಿ. ಇಲ್ಲಿ ಕಪ್ಪು ಕೂದಲು ಬಿಳಿ ಟಿ-ಶರ್ಟಿನ ಮೇಲೆ ಬಿದ್ದಿದೆ. ಸ್ಕಾರ್ಫ್ ತಿಳಿ ಬಣ್ಣದ್ದಾದರೆ ಮೂಲ ಫೋಟೋದ ಆ ಭಾಗದ ಪ್ರತಿಯನ್ನು ಮೇಲಿಟ್ಟು Multiply ಮಾಡಿ. ಬಿಳಿ ಕರಗಿಹೋಗಿ ಕೂದಲಿನ ಎಳೆ ಎಳೆಯೂ ಸ್ಕಾರ್ಫಿನ ಮೇಲೆ ನಿಲ್ಲುತ್ತದೆ. ಟಿ-ಶರ್ಟಿನ ಬೂದು ಮಡಿಕೆಗಳೂ ಜೊತೆಗೆ ಬರುತ್ತವೆ, Levels ನಲ್ಲಿ ಬಿಳಿಯ ತುದಿಯನ್ನು ಎಡಕ್ಕೆ ಎಳೆದರೆ ಅವು ಹೋಗುತ್ತವೆ. ಗಾಢ ಬಣ್ಣದ ಸ್ಕಾರ್ಫಿನ ಮೇಲೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಕಪ್ಪು ಎಳೆಗಳು ಹೇಗೂ ಕಾಣುವುದಿಲ್ಲ, ಎದ್ದುಕಾಣುವುದು ಹೊಳಪು ಮಾತ್ರ. ಕೂದಲಿನ ಹೊಳೆಯುವ ಬಣ್ಣ ಆರಿಸಿ, 1 ರಿಂದ 2 ಪಿಕ್ಸೆಲ್ಲಿನ ಬ್ರಷ್ಷಿನಿಂದ, ಮೊನೆ ಸಣ್ಣಗಾಗುವಂತೆ ಕೆಲವೇ ಎಳೆಗಳನ್ನು ಬರೆದರೆ ಸಾಕಾಗುತ್ತದೆ.

ಸ್ಕಾರ್ಫನ್ನು ಗದ್ದಕ್ಕೆ ತಾಗಿಸಿ ಇಡಬೇಡಿ. ಒಂದರಿಂದ ಎರಡು ಸೆಂಟಿಮೀಟರ್ ಕತ್ತು ಕಾಣುವಂತೆ ಬಿಟ್ಟರೆ ಸುತ್ತಿನೊಳಗೆ ಆಳ ಇದೆ ಎಂದು ತಿಳಿಯುತ್ತದೆ. ಆ ಕಿರಿದಾದ ಸಂದಿ ಮೂಲ ಫೋಟೋದಲ್ಲಿದ್ದದ್ದಕ್ಕಿಂತ ಹೆಚ್ಚು ಕತ್ತಲಾಗಿರಬೇಕು, ಏಕೆಂದರೆ ಬಟ್ಟೆ ಈಗ ಮೂರು ಕಡೆಯಿಂದ ಬೆಳಕು ತಡೆಯುತ್ತಿದೆ. ಇದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಸ್ಕಾರ್ಫ್ ಕೆಂಪಿನಂಥ ಗಾಢ ವರ್ಣದ್ದಾಗಿದ್ದರೆ ಅದರ ಬಣ್ಣ ಗದ್ದದ ಕೆಳಮೈಗೂ ತುಸು ಹತ್ತುತ್ತದೆ. ಹೊಸ ಲೇಯರನ್ನು Soft Light ಇಟ್ಟು, ಸ್ಕಾರ್ಫಿನ ಬಣ್ಣವನ್ನು 10 ಶೇಕಡಾ ಒಪ್ಯಾಸಿಟಿಯಲ್ಲಿ ಅಲ್ಲಿ ಸವರಿ.

ಬಣ್ಣ ಮತ್ತು ಬೆಳಕು ಹೊಂದಿಸುವುದಕ್ಕೆ ನಿಖರವಾದ ದಾರಿ ಇದೆಯೇ?

ಹಿಂದೆ ಹೇಳಿದ ಬಿಳಿ ಕಾಗದ ಇಲ್ಲಿ ಕೆಲಸಕ್ಕೆ ಬರುತ್ತದೆ. ಮೂಲ ಫೋಟೋದ ಬಿಳಿ ಟಿ-ಶರ್ಟ್ ಅಲ್ಲಿನ ಬೆಳಕಿನ ಬಣ್ಣವನ್ನು ತಾನೇ ಹೇಳುತ್ತಿದೆ. ಐಡ್ರಾಪರಿನಿಂದ ಬೆಳಕು ಬಿದ್ದ ಕಡೆಯ ಆರ್‌ಜಿಬಿ ಓದಿ. ಉದಾಹರಣೆಯಲ್ಲಿ ಅದು 196, 204, 216. ಕಟ್ಟಡದ ನೆರಳಿಗೆ ಆಕಾಶದ ಬೆಳಕೇ ಮುಖ್ಯವಾದ್ದರಿಂದ ನೀಲಿ ಹೆಚ್ಚಾಗಿದೆ. ಬಟ್ಟೆಯ ಫೋಟೋದ ಕಾಗದದ ಮೇಲೆ ಓದಿದರೆ 210, 205, 198 ಬಂತು ಎಂದಿಟ್ಟುಕೊಳ್ಳಿ. ಜಾಕೆಟ್ಟಿಗೆ ಒಂದು Curves ಲೇಯರ್ ಕ್ಲಿಪ್ ಮಾಡಿ, ಕೆಂಪು ಚಾನಲ್ಲಿನಲ್ಲಿ 210 ಇದ್ದದ್ದನ್ನು 196 ಕ್ಕೆ, ಹಸಿರಿನಲ್ಲಿ 205 ನ್ನು 204 ಕ್ಕೆ, ನೀಲಿಯಲ್ಲಿ 198 ನ್ನು 216 ಕ್ಕೆ ತನ್ನಿ. ಕಾಗದ ಸರಿಹೋದಾಗ ಜಾಕೆಟ್ಟೂ ತನ್ನ ಪಾಡಿಗೆ ಹತ್ತಿರ ಬರುತ್ತದೆ. ಅದೇ Curves ಅನ್ನು ಸ್ವೆಟರ್, ಸ್ಕಾರ್ಫಿಗೂ ನಕಲು ಮಾಡಿ. ಮೂರನ್ನೂ ಬೇರೆ ಬೇರೆಯಾಗಿ ಕಣ್ಣಳತೆಯಲ್ಲಿ ಸರಿಮಾಡುವುದಕ್ಕಿಂತ ಇದು ಎಷ್ಟೋ ಮೇಲು.

ಆಮೇಲೆ ಟಿ-ಶರ್ಟಿನ ಕೆಳಮುಖವಾದ ಮಡಿಕೆಗಳನ್ನು ನೋಡಿ. ಬೇಸಿಗೆಯ ಫೋಟೋಗಳಲ್ಲಿ ಅಲ್ಲಿ ನೀಲಿ ಇರುವುದಿಲ್ಲ, ಹಳದಿ ಛಾಯೆ ಇರುತ್ತದೆ. ದೂರದ ನೆಲದ ಮೇಲೆ ಬಿದ್ದ ಬಿಸಿಲು ಕೆಳಗಿನಿಂದ ಮೇಲಕ್ಕೆ ಪುಟಿಯುತ್ತಿರುತ್ತದೆ. ಹುಲ್ಲಿನ ಮೇಲಿಂದ ಪುಟಿದರೆ ಹಸಿರೂ ಸೇರುತ್ತದೆ. ಒಳಗೆ ಕಿಟಕಿಯ ಪಕ್ಕ ತೆಗೆದ ಜಾಕೆಟ್ಟಿಗೆ ಇದು ಇರುವುದಿಲ್ಲ. ತೋಳಿನ ಅಡಿಭಾಗಕ್ಕೆ, ಸ್ಕಾರ್ಫಿನ ಕೆಳಮಡಿಕೆಗಳಿಗೆ ಆ ಛಾಯೆಯನ್ನು ತೆಳುವಾಗಿ ಸವರಿದ ಕೂಡಲೇ ಬಟ್ಟೆ ಆ ಜಾಗಕ್ಕೆ ಸೇರಿದ್ದು ಎನಿಸತೊಡಗುತ್ತದೆ.

ಬಟ್ಟೆ ಮುಖಕ್ಕಿಂತ ಚೂಪಾಗಿ ಕಾಣುತ್ತದೆ.

ಬಟ್ಟೆಯನ್ನು ಚಿಕ್ಕದು ಮಾಡಿ ಕೂರಿಸಿರುತ್ತೀರಿ, ಹಾಗೆ ಮಾಡಿದಾಗ ವಿವರ ಚೂಪಾಗುತ್ತದೆ, ಫೋಟೋದ ಕಾಳುಕಾಳಾದ ನಾಯ್ಸ್ ಅಡಗುತ್ತದೆ. ಕೂದಲೆಳೆಯ ಅಂಚು ಎಷ್ಟು ಮಸುಕೋ ಬಟ್ಟೆಯ ಅಂಚೂ ಅಷ್ಟೇ ಮಸುಕಾಗುವವರೆಗೆ Gaussian Blur ಕೊಡಿ. ಅರ್ಧದಿಂದ ಒಂದು ಪಿಕ್ಸೆಲ್ ಸಾಮಾನ್ಯವಾಗಿ ಸಾಕಾಗುತ್ತದೆ. ಅದರ ನಂತರ Add Noise ನಿಂದ ನಾಯ್ಸ್ ಸೇರಿಸಿ. ಕ್ರಮ ತಿರುವುಮುರುವಾದರೆ ಹಾಕಿದ ನಾಯ್ಸ್ ಕೂಡ ಮಸುಕಾಗಿಹೋಗುತ್ತದೆ. ಹೆಣಿಗೆಯಲ್ಲಿ ಬಣ್ಣಬಣ್ಣದ ಅಲೆಗಳು ಕಂಡರೆ ಚಿಕ್ಕದು ಮಾಡುವ ಮುನ್ನವೇ ಸ್ವಲ್ಪ ಮಸುಕು ಮಾಡಿಕೊಳ್ಳಬೇಕಿತ್ತು ಎಂದರ್ಥ.

ಬಟ್ಟೆ ಸರಿಬಂದರೂ ಆಕೆಗೆ ಸೆಕೆಯಾಗುತ್ತಿರುವಂತೆ ಕಾಣುತ್ತದೆ. ಏನು ಮಾಡಲಿ?

ಹಣೆ ಮತ್ತು ಮೂಗಿನ ಮೇಲಿನ ಬೆವರಿನ ಹೊಳಪು ಅದಕ್ಕೆ ಕಾರಣ. ಅದರ ಪಕ್ಕದ ಚರ್ಮದ ಬಣ್ಣ ಆರಿಸಿ, ಕ್ಲೋನ್ ಬ್ರಷ್ಷನ್ನು Darken ನಲ್ಲಿಟ್ಟು 30 ಶೇಕಡಾದಲ್ಲಿ ಮೆಲ್ಲಗೆ ತಗ್ಗಿಸಿ. ಪೂರ್ತಿ ತೆಗೆದರೆ ಮುಖ ಚಪ್ಪಟೆಯಾಗುತ್ತದೆ. ಹಣೆಗೆ ಅಂಟಿದ ಕೂದಲಿದ್ದರೆ ಅದನ್ನೂ ತೆಗೆಯಿರಿ.

ಹಿನ್ನೆಲೆಯಲ್ಲಿ ಅರ್ಧ ತೋಳಿನವರು ಓಡಾಡುತ್ತಿದ್ದರೆ ಅವರನ್ನು ತೆಗೆಯಿರಿ ಅಥವಾ ಗುರುತು ಸಿಗದಷ್ಟು ಮಸುಕಾಗಿಸಿ. ಇಡೀ ಚಿತ್ರವನ್ನು ನೀಲಿಗೆ ತಿರುಗಿಸಿ ಚಳಿಗಾಲ ಮಾಡುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಚರ್ಮಕ್ಕೆ ಜೀವವಿಲ್ಲದಂತಾಗುತ್ತದೆ, ಹಿನ್ನೆಲೆಯ ಬಿಸಿಲು, ಹುಲ್ಲು ಹೇಗೂ ಆ ಸುಳ್ಳನ್ನು ಬಯಲು ಮಾಡುತ್ತವೆ. ಹಸಿರಿನ ಕಡುತನವನ್ನು ಮಾತ್ರ ತುಸು ಇಳಿಸಿ, ಬಿಸಿಲಿರುವ ಚಳಿಗಾಲದ ದಿನ ಎನ್ನುವಷ್ಟಕ್ಕೆ ನಿಲ್ಲಿಸುವುದು ಜಾಣತನ.

ಮುಗಿದಿದೆ ಎಂದು ಹೇಗೆ ತಿಳಿಯುವುದು?

ಬಹಳ ಹೊತ್ತು ನೋಡಿದ ಕಣ್ಣು ಮೋಸ ಹೋಗಿರುತ್ತದೆ. ಚಿತ್ರವನ್ನು ಅಡ್ಡಡ್ಡ ತಿರುಗಿಸಿ, ಕನ್ನಡಿಯಲ್ಲಿ ಕಂಡಂತೆ ನೋಡಿ. ಹೆಗಲು ಓರೆಯಾಗಿದ್ದರೆ ಆಗ ಗೊತ್ತಾಗುತ್ತದೆ. ಎಲ್ಲಕ್ಕಿಂತ ಮೇಲೆ ಕಪ್ಪುಬಿಳುಪಿನ ಲೇಯರ್ ಇಟ್ಟು ನೋಡಿ. ಬಣ್ಣ ಹೋದಾಗ ಸ್ವೆಟರ್ ಮತ್ತು ಜಾಕೆಟ್ ಒಂದೇ ಮುದ್ದೆಯಾಗಿ ಕಂಡರೆ ಸಂಧಿಯ ನೆರಳು ಸಾಲದು. ಜಾಕೆಟ್ ಮಾತ್ರ ತೇಲಿದಂತೆ ಕಂಡರೆ ಅದರ ಕಪ್ಪು ಮೂಲ ಫೋಟೋದ ಕಪ್ಪಿಗೆ ಹೊಂದಿಲ್ಲ.

ಕೊನೆಗೆ ತಾತ್ಕಾಲಿಕವಾಗಿ ಒಂದು Curves ಹಾಕಿ ಕತ್ತಲೆ ಭಾಗವನ್ನು ವಿಪರೀತ ಬೆಳಗಿಸಿ. ಮಾಸ್ಕಿನ ಅಂಚಿನಲ್ಲಿ ಉಳಿದ ಬಿಳಿ ಗೆರೆ, ಬ್ರಷ್ಷಿನ ಗುರುತು, ಕಾಲರಿನ ಹಿಂದೆ ಇಣುಕುವ ಟಿ-ಶರ್ಟ್ ಎಲ್ಲವೂ ಎದ್ದು ಕಾಣುತ್ತವೆ. ಸರಿಪಡಿಸಿ, ಆ ಲೇಯರ್ ತೆಗೆದುಬಿಡಿ.

ಇಂಥ ಫೋಟೋವನ್ನು ಗುರುತಿನ ಚೀಟಿಗೆ ಬಳಸಬಹುದೇ?

ಬೇಡ. ಗುರುತಿಗೆ ಕೊಡುವ ಫೋಟೋ ತಿದ್ದಿದ್ದಾಗಿರಬಾರದು. ಬೇರೆಯವರ ಫೋಟೋ ಆದರೆ ಎಲ್ಲಿ ಹಾಕುವ ಮೊದಲೂ ಅವರಿಗೆ ತೋರಿಸಿ ಒಪ್ಪಿಗೆ ಪಡೆಯಿರಿ.

ಮುಗಿದ ಮೇಲೆ ಜಾಕೆಟ್ಟಿನ ಬಣ್ಣ ಬದಲಿಸಬಹುದೇ?

ಗಾಢ ನೀಲಿಯಿಂದ ಗಾಢ ಹಸಿರಿಗೆ ಸುಲಭ, Hue/Saturation ಸಾಕು. ಕಪ್ಪಿನಿಂದ ತಿಳಿ ಬಣ್ಣಕ್ಕೆ ಹೋಗಬೇಡಿ. ಕಪ್ಪು ಬಟ್ಟೆಯ ಮಡಿಕೆಗಳಲ್ಲಿ ವಿವರ ಇರುವುದಿಲ್ಲ, ಬೆಳಗಿಸಿದಾಗ ನಾಯ್ಸ್ ಮಾತ್ರ ಮೇಲೆ ಬರುತ್ತದೆ. ಬಣ್ಣ ಬದಲಾಯಿಸುವ ಯೋಚನೆ ಮೊದಲೇ ಇದ್ದರೆ ಬೂದು ಬಣ್ಣದ ಜಾಕೆಟ್ ತೊಡಿಸಿ ಫೋಟೋ ತೆಗೆಯಿರಿ. ಬಣ್ಣ ಬದಲಾಯಿಸಿದ ಮೇಲೆ ಸ್ವೆಟರಿನ ಮೇಲೆ ಬಿದ್ದ ನೆರಳನ್ನು ಮುಟ್ಟಬೇಕಿಲ್ಲ, ಅದು ಸ್ವೆಟರಿನದೇ ಬಣ್ಣದಲ್ಲಿದೆ. ಆದರೆ ಗಾಢ ಬಣ್ಣದ ಜಾಕೆಟ್ ತಿಳಿಯಾದರೆ, ಅದರ ಬೆಳಕು ಸ್ಕಾರ್ಫಿನ ತುದಿಗಳ ಅಡಿಭಾಗಕ್ಕೆ ಪುಟಿಯುವುದರಿಂದ ಅಲ್ಲಿನ ನೆರಳನ್ನು ಸ್ವಲ್ಪ ತೆಳು ಮಾಡಬೇಕಾಗುತ್ತದೆ.